ಜಾರುವ ಏಣಿಯ ಸಮಸ್ಯೆ

ಜಾರುವ ಏಣಿಯ ಸಮಸ್ಯೆಯು ಕಲನಶಾಸ್ತ್ರದಲ್ಲಿ ಸಂಬಂಧಿತ ದರಗಳನ್ನು ಪರಿಚಯಿಸಲು ಬಳಸುವ ಒಂದು ಪ್ರಸಿದ್ಧ ಲೆಕ್ಕವಾಗಿದೆ. ನೇರವಾಗಿ ನಿಂತ ಗೋಡೆಗೆ ಒರಗಿಸಿದ ಏಣಿಯ ಬುಡವನ್ನು ಸಮತಟ್ಟಾದ ನೆಲದ ಮೇಲೆ ಗೋಡೆಯಿಂದ ದೂರಕ್ಕೆ ಎಳೆದಾಗ ಅದರ ತುದಿಯು ಗೋಡೆಗುಂಟ ಕೆಳಕ್ಕೆ ಜಾರುತ್ತದೆ. ಬುಡವು ಸರಿಯುವ ದರ ತಿಳಿದಿರುವಾಗ, ಒಂದು ನಿರ್ದಿಷ್ಟ ಕ್ಷಣದಲ್ಲಿ ತುದಿಯು ಇಳಿಯುವ ದರವನ್ನು ಕಂಡುಹಿಡಿಯುವುದೇ ಸಮಸ್ಯೆ. ಇದಕ್ಕೆ ಬೇಕಾದ ಗಣಿತವು ಪೈಥಾಗೊರಸ್ ಪ್ರಮೇಯ ಮತ್ತು ಅವಕಲನದ ಸರಪಳಿ ನಿಯಮ, ಇವೆರಡೇ. ಆದರೂ ಇದರಲ್ಲಿ ತಪ್ಪುಗಳು ಹೆಚ್ಚು. ಕೊಟ್ಟಿರುವ ಸಂಖ್ಯೆಗಳಲ್ಲಿ ಯಾವುದನ್ನು ಅವಕಲನಕ್ಕೆ ಮೊದಲೇ ಆದೇಶಿಸಬಹುದು, ಯಾವುದನ್ನು ಅವಕಲನ ಮುಗಿಯುವವರೆಗೆ ತಡೆಹಿಡಿಯಬೇಕು ಎಂಬುದನ್ನು ಗುರುತಿಸದಿರುವುದೇ ಅವುಗಳಲ್ಲಿ ಬಹುಪಾಲು ತಪ್ಪುಗಳಿಗೆ ಕಾರಣ.

## ಹಿನ್ನೆಲೆ

ಗೋಡೆಗೆ ಒರಗಿದ ಕೋಲು ಜಾರುವ ಲೆಕ್ಕ ಕಲನಶಾಸ್ತ್ರಕ್ಕಿಂತ ಬಹಳ ಹಳೆಯದು. ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಬಿ.ಎಂ. 85196 ಎಂಬ ಪ್ರಾಚೀನ ಬ್ಯಾಬಿಲೋನಿಯಾದ ಜೇಡಿಮಣ್ಣಿನ ಫಲಕದಲ್ಲಿ ಅಂತಹದೊಂದು ಲೆಕ್ಕವಿದೆ. ಅದರ ಅಳತೆಗಳನ್ನು ಇಂದಿನ ಸಂಖ್ಯೆಗಳಲ್ಲಿ ಹೇಳುವುದಾದರೆ, 30 ಮಾನ ಉದ್ದದ ತೊಲೆಯೊಂದು ಗೋಡೆಗೆ ತಾಗಿ ನೇರವಾಗಿ ನಿಂತಿದೆ. ಅದರ ತುದಿ 6 ಮಾನ ಕೆಳಗಿಳಿದರೆ ಬುಡ ಎಷ್ಟು ದೂರ ಸರಿದಿರುತ್ತದೆ ಎಂಬುದು ಪ್ರಶ್ನೆ. ತುದಿಯ ಎತ್ತರ 24 ಆಗುವುದರಿಂದ ಉತ್ತರ 18. ಹನ್ನೆರಡನೆಯ ಶತಮಾನದ ಎರಡನೆಯ ಭಾಸ್ಕರಾಚಾರ್ಯನ ಲೀಲಾವತಿಯಲ್ಲಿಯೂ ಇದಕ್ಕೆ ಹತ್ತಿರದ ಲೆಕ್ಕವೊಂದಿದೆ. 32 ಮೊಳದ ಬಿದಿರು ಗಾಳಿಗೆ ಮುರಿದು ಅದರ ತುದಿ ಬುಡದಿಂದ 16 ಮೊಳ ದೂರದಲ್ಲಿ ನೆಲಕ್ಕೆ ತಾಗಿದರೆ, ಅದು 12 ಮೊಳದ ಎತ್ತರದಲ್ಲಿ ಮುರಿದಿರಬೇಕು.

ಈ ಹಳೆಯ ಲೆಕ್ಕಗಳಲ್ಲಿ ಚಲನೆಯ ಮಾತಿದ್ದರೂ ದರದ ಮಾತಿಲ್ಲ. ಚಲನೆ ನಿಂತ ಮೇಲಿನ ತ್ರಿಭುಜವನ್ನು ಮಾತ್ರ ಅಳೆಯಲಾಗಿದೆ. ಹಾಗಾಗಿ ಅಲ್ಲಿ ಎಲ್ಲ ಸಂಖ್ಯೆಗಳನ್ನೂ ಆರಂಭದಲ್ಲಿಯೇ ಆದೇಶಿಸಬಹುದು. ಹೈಸ್ಕೂಲಿನಲ್ಲಿ ಪೈಥಾಗೊರಸ್ ಪ್ರಮೇಯದ ಮೇಲೆ ಬರುವ ಏಣಿಯ ಲೆಕ್ಕಗಳೂ ಇದೇ ಜಾತಿಯವು. ಅಲ್ಲಿ ರೂಢಿಯಾದ ಈ ಅಭ್ಯಾಸವೇ ಮುಂದೆ ದರದ ಲೆಕ್ಕದಲ್ಲಿ ತೊಡಕಾಗುತ್ತದೆ. ಸಂಬಂಧಿತ ದರಗಳ ಲೆಕ್ಕಗಳು ಪಠ್ಯಪುಸ್ತಕಗಳಿಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. 1836ರಲ್ಲಿ ವಿಲಿಯಂ ರಿಚಿ ಪ್ರಕಟಿಸಿದ ಕಲನಶಾಸ್ತ್ರದ ಪುಸ್ತಕವು ಅವುಗಳಿಗೆ ಪ್ರಾಮುಖ್ಯ ಕೊಟ್ಟ ಆರಂಭಿಕ ಪಠ್ಯಗಳಲ್ಲೊಂದು.

ಕರ್ನಾಟಕದಲ್ಲಿ ವಿದ್ಯಾರ್ಥಿಗಳು ಈ ಸಮಸ್ಯೆಯನ್ನು ದ್ವಿತೀಯ ಪಿಯುಸಿಯಲ್ಲಿ ಎದುರಿಸುತ್ತಾರೆ. ಅಲ್ಲಿ ಬಳಕೆಯಲ್ಲಿರುವ ಎನ್‌ಸಿಇಆರ್‌ಟಿಯ 12ನೆಯ ತರಗತಿಯ ಗಣಿತ ಪಠ್ಯಪುಸ್ತಕದ 6ನೆಯ ಅಧ್ಯಾಯವು ಅವಕಲನದ ಅನ್ವಯಗಳಿಗೆ ಮೀಸಲಾಗಿದ್ದು, ಅದರ ಮೊದಲ ಅಭ್ಯಾಸದಲ್ಲಿಯೇ ಏಣಿಯ ಲೆಕ್ಕವಿದೆ. ನಂಜನಗೂಡು ತಾಲ್ಲೂಕಿನ ದೇವನೂರಿನಂತಹ ಊರುಗಳಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿ ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಕಲಿಯಲಾರಂಭಿಸುವವರಿಗೆ ಲೆಕ್ಕದ ವಾಕ್ಯವನ್ನು ಅರ್ಥಮಾಡಿಕೊಳ್ಳುವುದೇ ಮೊದಲ ಕೆಲಸವಾಗುತ್ತದೆ. ಈ ಲೆಕ್ಕದಲ್ಲಿ ಆ ಕೆಲಸ ಸಣ್ಣದಲ್ಲ. ಯಾವ ಸಂಖ್ಯೆಯನ್ನು ಯಾವಾಗ ಬಳಸಬೇಕೆಂಬ ಸೂಚನೆ ಅಡಗಿರುವುದು ವಾಕ್ಯದ ರಚನೆಯಲ್ಲಿಯೇ.

## ಸಮಸ್ಯೆ ಮತ್ತು ಪರಿಹಾರ

ಆ ಪಠ್ಯಪುಸ್ತಕದ ಅಳತೆಗಳು ಹೀಗಿವೆ: ಏಣಿಯ ಉದ್ದ 5 ಮೀಟರ್; ಬುಡವನ್ನು ಸೆಕೆಂಡಿಗೆ 2 ಸೆಂಟಿಮೀಟರ್ ದರದಲ್ಲಿ ಗೋಡೆಯಿಂದ ದೂರಕ್ಕೆ ಎಳೆಯಲಾಗುತ್ತಿದೆ; ಬುಡವು ಗೋಡೆಯಿಂದ 4 ಮೀಟರ್ ದೂರದಲ್ಲಿರುವಾಗ ತುದಿಯ ಎತ್ತರವು ಯಾವ ದರದಲ್ಲಿ ಕಡಿಮೆಯಾಗುತ್ತಿರುತ್ತದೆ?

ಗೋಡೆಯಿಂದ ಬುಡಕ್ಕಿರುವ ದೂರ x, ನೆಲದಿಂದ ತುದಿಗಿರುವ ಎತ್ತರ y ಎಂದಿರಲಿ. ಕಾಲವನ್ನು t ಎಂದು ಕರೆದರೆ x ಮತ್ತು y ಎರಡೂ t ಜೊತೆಗೆ ಬದಲಾಗುತ್ತವೆ. ಗೋಡೆ, ನೆಲ ಮತ್ತು ಏಣಿ ಸೇರಿ ಲಂಬಕೋನ ತ್ರಿಭುಜವಾಗುತ್ತದೆ. ಏಣಿಯೇ ಅದರ ವಿಕರ್ಣ. ಎಲ್ಲ ಅಳತೆಗಳನ್ನೂ ಸೆಂಟಿಮೀಟರಿಗೆ ಬದಲಿಸಿಕೊಂಡರೆ,

x² + y² = 500²

ಈ ಸಮೀಕರಣವು ಏಣಿ ಜಾರುತ್ತಿರುವ ಪ್ರತಿಯೊಂದು ಕ್ಷಣದಲ್ಲಿಯೂ ನಿಜ. ಎರಡೂ ಬದಿಗಳನ್ನು t ಕುರಿತು ಅವಕಲಿಸಿದಾಗ,

2x (dx/dt) + 2y (dy/dt) = 0

ಎಂದರೆ,

dy/dt = −(x/y) (dx/dt)

ಇಲ್ಲಿಯವರೆಗೆ 4 ಮೀಟರ್ ಎಂಬ ಸಂಖ್ಯೆಯನ್ನು ಬಳಸಿಲ್ಲ. ಅದರ ಸರದಿ ಈಗ. x = 400 ಆದಾಗ y² = 250000 − 160000 = 90000, ಆದ್ದರಿಂದ y = 300. dx/dt = 2 ಎಂದು ಕೊಡಲಾಗಿದೆ.

dy/dt = −(400/300) × 2 = −8/3

ತುದಿಯು ಆ ಕ್ಷಣದಲ್ಲಿ ಸೆಕೆಂಡಿಗೆ 8/3, ಅಂದರೆ ಸುಮಾರು 2.67 ಸೆಂಟಿಮೀಟರ್ ದರದಲ್ಲಿ ಇಳಿಯುತ್ತಿರುತ್ತದೆ. ಋಣ ಚಿಹ್ನೆಯು y ಕಡಿಮೆಯಾಗುತ್ತಿರುವುದನ್ನು ತಿಳಿಸುತ್ತದೆ. ಪ್ರಶ್ನೆಯಲ್ಲಿ ‘ಕಡಿಮೆಯಾಗುವ ದರ’ ಎಂದೇ ಕೇಳಿದ್ದರೆ ಉತ್ತರವನ್ನು 8/3 ಎಂದು ಬರೆಯಬೇಕು. ‘ಋಣ 8/3 ದರದಲ್ಲಿ ಕಡಿಮೆಯಾಗುತ್ತದೆ’ ಎಂದು ಬರೆದರೆ ಏರುತ್ತಿದೆ ಎಂದು ಹೇಳಿದಂತಾಗುತ್ತದೆ.

ಈ ಉತ್ತರವನ್ನು ಕಲನಶಾಸ್ತ್ರವಿಲ್ಲದೆಯೂ ತಾಳೆ ನೋಡಬಹುದು. ಬುಡವು 400 ಸೆಂಟಿಮೀಟರಿಗೆ ಬರುವ ಒಂದು ಸೆಕೆಂಡ್ ಮೊದಲು x = 398 ಇರುತ್ತದೆ; ಆಗ y ಸುಮಾರು 302.65. ಒಂದು ಸೆಕೆಂಡ್ ನಂತರ x = 402; ಆಗ y ಸುಮಾರು 297.31. ಎರಡು ಸೆಕೆಂಡುಗಳಲ್ಲಿ ತುದಿಯು ಸುಮಾರು 5.33 ಸೆಂಟಿಮೀಟರ್ ಇಳಿದಿದೆ, ಅಂದರೆ ಸೆಕೆಂಡಿಗೆ 2.67. ಹಿಂದಿನ ಮತ್ತು ಮುಂದಿನ ಒಂದೊಂದು ಕ್ಷಣವನ್ನು ಹೀಗೆ ಲೆಕ್ಕ ಹಾಕುವುದು ಸಂಬಂಧಿತ ದರಗಳ ಯಾವ ಉತ್ತರಕ್ಕಾದರೂ ಒಳ್ಳೆಯ ಪರೀಕ್ಷೆ.

## ಸಂಖ್ಯೆಗಳನ್ನು ಅವಸರದಿಂದ ಆದೇಶಿಸಿದರೆ

ಪ್ರಶ್ನೆಯಲ್ಲಿ 4 ಮೀಟರ್ ಎಂದು ಕೊಟ್ಟಿರುವುದರಿಂದ ಅದನ್ನು ಮೊದಲ ಸಾಲಿನಲ್ಲಿಯೇ ಆದೇಶಿಸಿದರೆ ಏನಾಗುತ್ತದೆಂಬುದನ್ನು ನೋಡಬಹುದು. ಸಮೀಕರಣವು 400² + y² = 500² ಎಂದಾಗುತ್ತದೆ. 400² ಈಗ ಬರಿಯ ಸಂಖ್ಯೆ, ಹಾಗಾಗಿ ಅದರ ಅವಕಲನ ಸೊನ್ನೆ. ಅವಕಲಿಸಿದಾಗ 2y (dy/dt) = 0 ಎಂದು ಬರುತ್ತದೆ. y ಸೊನ್ನೆಯಲ್ಲದ ಕಾರಣ dy/dt = 0. ಏಣಿ ಜಾರುತ್ತಲೇ ಇಲ್ಲ ಎಂಬುದು ಇದರ ಅರ್ಥ.

ಇದರಲ್ಲಿ ಅವಕಲನದ ನಿಯಮಗಳೆಲ್ಲವೂ ಸರಿಯಾಗಿಯೇ ಅನ್ವಯವಾಗಿವೆ. ಉತ್ತರ ಕೂಡ ಒಂದು ಅರ್ಥದಲ್ಲಿ ಸರಿಯೇ, ಆದರೆ ಅದು ಬೇರೆ ಪ್ರಶ್ನೆಯ ಉತ್ತರ. x ಜಾಗದಲ್ಲಿ 400 ಎಂದು ಬರೆದ ಕೂಡಲೇ ಬುಡವನ್ನು ಆ ಜಾಗದಲ್ಲಿ ಮೊಳೆ ಹೊಡೆದು ನಿಲ್ಲಿಸಿದಂತಾಯಿತು. ಬುಡ ಅಲುಗದ ಏಣಿಯ ತುದಿಯೂ ಅಲುಗುವುದಿಲ್ಲ. ಒಂದು ಕ್ಷಣದ ಬೆಲೆಯು ಆ ಚರ ಎಲ್ಲಿದೆ ಎಂಬುದನ್ನು ಮಾತ್ರ ಹೇಳುತ್ತದೆ. ಅದು ಎತ್ತ ಹೋಗುತ್ತಿದೆ, ಎಷ್ಟು ವೇಗವಾಗಿ ಹೋಗುತ್ತಿದೆ ಎಂಬುದನ್ನು ಹೇಳುವುದಿಲ್ಲ. ಅವಕಲನಕ್ಕೆ ಬೇಕಾಗಿರುವುದು ಆ ಎರಡನೆಯ ಮಾಹಿತಿ.

y = 300 ಎಂಬುದನ್ನು ಮಾತ್ರ ಮೊದಲೇ ಆದೇಶಿಸುವುದು ಇದೇ ತಪ್ಪಿನ ಇನ್ನೊಂದು ರೂಪ. ಆಗ 2x (dx/dt) = 0 ಎಂದು ಸಿಗುತ್ತದೆ. x = 400 ಮತ್ತು dx/dt = 2 ಎಂದು ಹಾಕಿದರೆ 1600 = 0 ಎಂಬ ಅಸಂಬದ್ಧತೆ ಎದುರಾಗುತ್ತದೆ. dy/dt ಎಂಬ ಪದ ಸಮೀಕರಣದಿಂದ ಮಾಯವಾಗಿರುವುದೂ ಕಾಣಿಸುತ್ತದೆ. ಈ ಎರಡೂ ಸಂದರ್ಭಗಳಲ್ಲಿ ದೋಷ ತಾನಾಗಿಯೇ ಬಯಲಾಗುತ್ತದೆ ಎಂಬುದು ಸಮಾಧಾನದ ಸಂಗತಿ. ಆದರೆ ಯಾವಾಗಲೂ ಹಾಗಾಗುವುದಿಲ್ಲ.

## ತ್ರಿಭುಜದ ವಿಸ್ತೀರ್ಣ: ಕಾಣದೆ ಉಳಿಯುವ ದೋಷ

ಅದೇ ಏಣಿ, ಅದೇ ದರ. ಬುಡವು 4 ಮೀಟರ್ ದೂರದಲ್ಲಿರುವಾಗ ಏಣಿ, ಗೋಡೆ ಮತ್ತು ನೆಲದ ನಡುವಿನ ತ್ರಿಭುಜದ ವಿಸ್ತೀರ್ಣ ಯಾವ ದರದಲ್ಲಿ ಬದಲಾಗುತ್ತಿದೆ ಎಂದು ಕೇಳಿದೆ ಎಂದುಕೊಳ್ಳಬಹುದು. ವಿಸ್ತೀರ್ಣವನ್ನು A ಎಂದರೆ A = ½xy.

ಇಲ್ಲಿ y = 300 ಎಂದು ಮೊದಲೇ ಆದೇಶಿಸಿದರೆ A = 150x ಆಗುತ್ತದೆ. ಅವಕಲಿಸಿದಾಗ dA/dt = 150 × 2 = 300. ವಿಸ್ತೀರ್ಣವು ಸೆಕೆಂಡಿಗೆ 300 ಚದರ ಸೆಂಟಿಮೀಟರಿನಂತೆ ಹೆಚ್ಚುತ್ತಿದೆ ಎಂಬ ಉತ್ತರ ಬರುತ್ತದೆ. ಸೊನ್ನೆ ಬಂದಿಲ್ಲ, ಅಸಂಬದ್ಧತೆ ಇಲ್ಲ, ಏಕಮಾನ ಸರಿಯಾಗಿದೆ. ಮೇಲ್ನೋಟಕ್ಕೆ ಅನುಮಾನ ಪಡಲು ಕಾರಣವೇ ಇಲ್ಲ.

ಸರಿಯಾದ ಕ್ರಮದಲ್ಲಿ x ಮತ್ತು y ಎರಡನ್ನೂ ಚರಗಳಾಗಿ ಉಳಿಸಿಕೊಂಡು ಗುಣಲಬ್ಧ ನಿಯಮವನ್ನು ಅನ್ವಯಿಸಬೇಕು.

dA/dt = ½ [ x (dy/dt) + y (dx/dt) ]

ಹಿಂದೆ ಪಡೆದ dy/dt = −8/3 ಬಳಸಿದರೆ,

dA/dt = ½ [ 400 × (−8/3) + 300 × 2 ] = ½ [ −1066.7 + 600 ] ≈ −233.3

ವಿಸ್ತೀರ್ಣವು ಸೆಕೆಂಡಿಗೆ ಸುಮಾರು 233 ಚದರ ಸೆಂಟಿಮೀಟರ್ ದರದಲ್ಲಿ ಕಡಿಮೆಯಾಗುತ್ತಿದೆ. ಅವಸರದ ಆದೇಶವು ಪ್ರಮಾಣವನ್ನಷ್ಟೇ ಅಲ್ಲ, ದಿಕ್ಕನ್ನೇ ತಪ್ಪಾಗಿ ಹೇಳಿತ್ತು. ಕಳೆದುಹೋದದ್ದು ಆವರಣದೊಳಗಿನ ಮೊದಲ ಪದ. ಬುಡ ಸರಿಯುವುದರಿಂದ ತ್ರಿಭುಜ ಅಗಲವಾಗುತ್ತದೆ, ತುದಿ ಇಳಿಯುವುದರಿಂದ ಗಿಡ್ಡವಾಗುತ್ತದೆ. Y ಸ್ಥಿರವೆಂದು ಭಾವಿಸಿದಾಗ ಅಗಲವಾಗುವುದು ಮಾತ್ರ ಲೆಕ್ಕಕ್ಕೆ ಬಂತು.

ಇಂತಹ ದೋಷವನ್ನು ಪತ್ತೆ ಹಚ್ಚಲು ಚಿತ್ರದತ್ತ ಮರಳಬೇಕು. ಏಣಿ ನೇರವಾಗಿ ನಿಂತಾಗ ವಿಸ್ತೀರ್ಣ ಸೊನ್ನೆ, ಪೂರ್ತಿ ಮಲಗಿದಾಗಲೂ ಸೊನ್ನೆ. ನಡುವೆ ಎಲ್ಲೋ ಅದು ಗರಿಷ್ಠವಾಗಬೇಕು. x ಮತ್ತು y ಸಮನಾದಾಗ, ಅಂದರೆ ಬುಡ ಸುಮಾರು 354 ಸೆಂಟಿಮೀಟರ್ ದೂರದಲ್ಲಿದ್ದಾಗ, ಆ ಗರಿಷ್ಠ ಬೆಲೆ 62,500 ಚದರ ಸೆಂಟಿಮೀಟರ್. 400 ಎಂಬುದು ಅದನ್ನು ದಾಟಿದ ಮೇಲಿನ ಸ್ಥಾನವಾದ್ದರಿಂದ ಅಲ್ಲಿ ವಿಸ್ತೀರ್ಣ ಇಳಿಯುತ್ತಲೇ ಇರಬೇಕು. x = 300 ಆಗಿದ್ದ ಕ್ಷಣದಲ್ಲಿ ಇದೇ ಸೂತ್ರ +175 ಕೊಡುತ್ತದೆ; ಆಗ ವಿಸ್ತೀರ್ಣ ನಿಜವಾಗಿಯೂ ಹೆಚ್ಚುತ್ತಿತ್ತು. ಅವಸರದ ವಿಧಾನ ಅಲ್ಲಿ 400 ಎನ್ನುತ್ತದೆ: ಚಿಹ್ನೆ ಸರಿ, ಸಂಖ್ಯೆ ತಪ್ಪು. ಅಂತಹ ಉತ್ತರವನ್ನು ಚಿತ್ರವೂ ಹಿಡಿದುಕೊಡುವುದಿಲ್ಲ. ಹಿಂದು ಮುಂದಿನ ಸೆಕೆಂಡುಗಳ ತಾಳೆಯೊಂದೇ ಹಿಡಿದುಕೊಡಬಲ್ಲದು.

## ಯಾವಾಗ ಆದೇಶಿಸಬೇಕು, ಯಾವಾಗ ಕಾಯಬೇಕು

ಮೂಲ ನಿಯಮ ಒಂದೇ. ಲೆಕ್ಕದ ಕಾಲಾವಧಿಯುದ್ದಕ್ಕೂ ನಿಜವಾಗಿರುವ ಸಂಗತಿಯನ್ನು ಅವಕಲನಕ್ಕೆ ಮೊದಲು ಆದೇಶಿಸಬಹುದು; ಒಂದು ಕ್ಷಣದಲ್ಲಿ ಮಾತ್ರ ನಿಜವಾಗಿರುವುದನ್ನು ಅವಕಲನದ ನಂತರವೇ ಆದೇಶಿಸಬೇಕು. ಪ್ರಶ್ನೆಯ ವಾಕ್ಯವನ್ನು ಕನ್ನಡದಲ್ಲಿ ಹೇಳಿಕೊಂಡರೆ ಈ ವ್ಯತ್ಯಾಸ ವ್ಯಾಕರಣದಲ್ಲಿಯೇ ಎದ್ದು ಕಾಣುತ್ತದೆ. ‘5 ಮೀಟರ್ ಉದ್ದದ ಏಣಿ’ ಎನ್ನುವಾಗ ಉದ್ದವು ಏಣಿಯ ವಿಶೇಷಣ. ಅದು ಏಣಿಯನ್ನು ಬಿಟ್ಟುಹೋಗುವುದಿಲ್ಲ. ‘4 ಮೀಟರ್ ದೂರದಲ್ಲಿರುವಾಗ’ ಎಂಬಲ್ಲಿ ಕೊನೆಯ ‘ಆಗ’ ಒಂದು ಕ್ಷಣವನ್ನು ಗುರುತಿಸುತ್ತದೆ. ‘2 ಸೆಂಟಿಮೀಟರ್ ದರದಲ್ಲಿ’ ಎಂಬುದು ಉದ್ದವೇ ಅಲ್ಲ, ದರ. ಇಂಗ್ಲಿಷಿನಲ್ಲಿರುವ ಪ್ರಶ್ನೆಯನ್ನು ಮನಸ್ಸಿನಲ್ಲಿಯೇ ಹೀಗೆ ಕನ್ನಡಕ್ಕೆ ತಂದುಕೊಂಡು, ಯಾವ ಸಂಖ್ಯೆಗೆ ‘ಆಗ’ ಅಂಟಿಕೊಳ್ಳುತ್ತದೆ ಎಂದು ನೋಡುವುದು ಪ್ರಯೋಜನಕರ.

ಲೆಕ್ಕ ಮಾಡುವಾಗ ಕೊಟ್ಟಿರುವ ಪ್ರತಿಯೊಂದು ಸಂಖ್ಯೆಗೂ ಈ ಕೆಳಗಿನ ಪರಿಶೀಲನೆಯನ್ನು ಅನ್ವಯಿಸಬಹುದು:

1. ಒಂದು ಸೆಕೆಂಡ್ ಕಳೆದ ಮೇಲೆಯೂ ಈ ಸಂಖ್ಯೆ ಹೀಗೆಯೇ ಇರುತ್ತದೆಯೇ? ಇದ್ದರೆ ಈಗಲೇ ಆದೇಶಿಸಬಹುದು. ಇಲ್ಲದಿದ್ದರೆ ಅಕ್ಷರವನ್ನೇ ಉಳಿಸಿಕೊಂಡು, ಸಂಖ್ಯೆಯನ್ನು ಪುಟದ ಅಂಚಿನಲ್ಲಿ ‘ಆ ಕ್ಷಣದಲ್ಲಿ’ ಎಂದು ಬರೆದಿಡಬೇಕು.
2. ಇದು ದರವೇ? ದರಕ್ಕೆ ಅವಕಲನಕ್ಕೆ ಮೊದಲಿನ ಸಮೀಕರಣದಲ್ಲಿ ಜಾಗವೇ ಇರುವುದಿಲ್ಲ. dx/dt ಬೆಲೆಯನ್ನು x ಬದಲಿಗೆ ಬರೆಯುವುದು, ಅಂದರೆ x = 2 ಎಂದುಕೊಳ್ಳುವುದು, ಆರಂಭದಲ್ಲಿ ಆಗಾಗ ಕಾಣುವ ತಪ್ಪು.
3. ಎರಡು ಚರಗಳನ್ನು ಸದಾ ಜೋಡಿಸುವ ಸಂಬಂಧವೇ? ಹಾಗಿದ್ದರೆ ಅದನ್ನು ಮೊದಲು ಬಳಸಿ ಒಂದು ಚರವನ್ನು ಕಡಿಮೆ ಮಾಡಬಹುದು.
4. ಅವಕಲಿಸಿದ ಸಾಲಿನಲ್ಲಿ ಕೇಳಿರುವ ದರ ಮತ್ತು ಕೊಟ್ಟಿರುವ ದರ ಎರಡೂ ಇವೆಯೇ? ಒಂದು ಕಾಣೆಯಾಗಿದ್ದರೆ ಯಾವುದೋ ಚರವನ್ನು ಬೇಗನೆ ಸಂಖ್ಯೆಯಾಗಿಸಲಾಗಿದೆ.
5. ಇನ್ನೊಮ್ಮೆ ಅವಕಲಿಸಬೇಕಾಗಿದೆಯೇ? ಹಾಗಿದ್ದರೆ ಅದು ಮುಗಿಯುವವರೆಗೂ ಕ್ಷಣದ ಬೆಲೆಗಳು ಕಾಯಬೇಕು.

ಮೊದಲನೆಯ ಪ್ರಶ್ನೆಯನ್ನು ಯಾಂತ್ರಿಕವಾಗಿ ಉತ್ತರಿಸಬಾರದು. ‘ವಿಕರ್ಣವನ್ನು ಮೊದಲೇ ಹಾಕಬಹುದು’ ಎಂದು ಬಾಯಿಪಾಠ ಮಾಡಿಕೊಂಡವರು ಗಾಳಿಪಟದ ಲೆಕ್ಕದಲ್ಲಿ ಎಡವುತ್ತಾರೆ. 150 ಮೀಟರ್ ಎತ್ತರದಲ್ಲಿ ಅಡ್ಡಲಾಗಿ ಸಾಗುವ ಗಾಳಿಪಟದ ದಾರ 250 ಮೀಟರ್ ಬಿಚ್ಚಿಕೊಂಡಿರುವಾಗ ದಾರ ಬಿಡುವ ದರವೆಷ್ಟು ಎಂಬ ಪ್ರಶ್ನೆಯಲ್ಲಿ ತ್ರಿಭುಜ ಅದೇ, ಆದರೆ ಪಾತ್ರಗಳು ಅದಲುಬದಲಾಗಿವೆ. ಇಲ್ಲಿ ಎತ್ತರ ಸ್ಥಿರ, ವಿಕರ್ಣವಾದ ದಾರ ಚರ. ದಾರವನ್ನು s ಎಂದರೆ s² = x² + 150² ಎಂದು ಬರೆಯಬೇಕು; 250 ಕಾಯಬೇಕು. ಗಾಳಿಪಟ ಸೆಕೆಂಡಿಗೆ 10 ಮೀಟರ್ ಸಾಗುತ್ತಿದ್ದರೆ, x = 200 ಆಗಿರುವ ಆ ಕ್ಷಣದಲ್ಲಿ ds/dt = (200/250) × 10 = 8, ಅಂದರೆ ಸೆಕೆಂಡಿಗೆ 8 ಮೀಟರ್ ದಾರ ಬಿಡಬೇಕಾಗುತ್ತದೆ.

ಏಣಿಯ ಉದ್ದವೇ ಬದಲಾಗುವ ಸಂದರ್ಭವೂ ಉಂಟು. ಎರಡು ಭಾಗಗಳಿದ್ದು ಎಳೆದು ಉದ್ದ ಮಾಡಬಹುದಾದ ಏಣಿಯಲ್ಲಿ ಉದ್ದವನ್ನು L ಎಂದೇ ಇಟ್ಟುಕೊಂಡು x (dx/dt) + y (dy/dt) = L (dL/dt) ಎಂದು ಬರೆಯಬೇಕು. ಹಿಂದಿನ ಕ್ಷಣದಲ್ಲಿಯೇ ಏಣಿ ಸೆಕೆಂಡಿಗೆ 1 ಸೆಂಟಿಮೀಟರ್ ಉದ್ದವಾಗುತ್ತಿದ್ದರೆ 400 × 2 + 300 (dy/dt) = 500 × 1. ಇದರಿಂದ dy/dt = −1. ಬುಡವನ್ನು ಎಳೆಯುವ ದರ ಬದಲಾಗದಿದ್ದರೂ ತುದಿ ಇಳಿಯುವ ದರ 8/3ರಿಂದ 1ಕ್ಕೆ ಇಳಿಯಿತು.

## ಮೊದಲೇ ಆದೇಶಿಸಬಹುದಾದ ಸಂಬಂಧಗಳು

ಕಾಯುವುದೇ ಸದಾ ಸುರಕ್ಷಿತ ಎಂದುಕೊಂಡರೂ ತೊಂದರೆ ಉಂಟು. ಅದೇ ಅಧ್ಯಾಯದಲ್ಲಿ ಮರಳಿನ ಶಂಕುವಿನ ಲೆಕ್ಕವೊಂದಿದೆ. ಸೆಕೆಂಡಿಗೆ 12 ಘನ ಸೆಂಟಿಮೀಟರ್ ಸುರಿಯುವ ಮರಳು ಶಂಕುವಿನಾಕಾರದ ಗುಡ್ಡೆಯಾಗುತ್ತಿದ್ದು, ಅದರ ಎತ್ತರ h ಯಾವಾಗಲೂ ಪಾದದ ತ್ರಿಜ್ಯ r ಇದರ ಆರನೆಯ ಒಂದು ಭಾಗವಾಗಿರುತ್ತದೆ. ಎತ್ತರ 4 ಸೆಂಟಿಮೀಟರ್ ಇರುವಾಗ ಅದು ಹೆಚ್ಚುವ ದರವನ್ನು ಕಂಡುಹಿಡಿಯಬೇಕು. ‘ಯಾವಾಗಲೂ’ ಎಂಬ ಮಾತಿರುವುದರಿಂದ r = 6h ಎಂಬುದನ್ನು ಘನಫಲದ ಸೂತ್ರ V = ⅓πr²h ಇದರಲ್ಲಿ ತಕ್ಷಣವೇ ಆದೇಶಿಸಬೇಕು. ಆಗ V = 12πh³, dV/dt = 36πh² (dh/dt). ಈಗ h = 4 ಎಂದು ಹಾಕಿದರೆ dh/dt = 1/(48π), ಸೆಕೆಂಡಿಗೆ ಸುಮಾರು 0.0066 ಸೆಂಟಿಮೀಟರ್.

r = 6h ಎಂಬುದನ್ನು ಆದೇಶಿಸದೆ ಅವಕಲಿಸಿದರೆ dr/dt ಎಂಬ ಇನ್ನೊಂದು ಅಜ್ಞಾತ ದರ ಉಳಿದುಬಿಡುತ್ತದೆ. ಅದನ್ನು dr/dt = 6 (dh/dt) ಎಂದು ಬಗೆಹರಿಸಬಹುದಾದರೂ ದಾರಿ ಸುತ್ತಿನದು. ಇಲ್ಲಿ r = 24 ಎಂದು ಮೊದಲೇ ಹಾಕುವುದು ಮಾತ್ರ ತಪ್ಪು. r = 6h ಮತ್ತು r = 24 ಎರಡೂ ಆ ಕ್ಷಣದಲ್ಲಿ ನಿಜ. ಮೊದಲನೆಯದು ಆಮೇಲೆಯೂ ನಿಜ, ಎರಡನೆಯದು ಅಲ್ಲ.

ಏಣಿಯಲ್ಲಿಯೂ ಇದೇ ಮಾತು ಅನ್ವಯಿಸುತ್ತದೆ. ಬುಡವು ಗೋಡೆಯ ಬಳಿಯಿಂದ ಹೊರಟು ಸ್ಥಿರ ದರದಲ್ಲಿ ಸರಿಯುತ್ತಿದ್ದರೆ x = 2t ಎಂಬುದು ಎಲ್ಲ ಕ್ಷಣಗಳಿಗೂ ನಿಜ. ಅದನ್ನು ಮೊದಲೇ ಆದೇಶಿಸಿದರೆ y = √(250000 − 4t²), ಮತ್ತು dy/dt = −4t/√(250000 − 4t²). ಬುಡ 400 ಸೆಂಟಿಮೀಟರ್ ತಲುಪುವುದು t = 200 ಆದಾಗ; ಆಗ dy/dt = −800/300 = −8/3. ಬೇರೆ ದಾರಿಯಲ್ಲಿ ಹಳೆಯ ಉತ್ತರವೇ ಸಿಕ್ಕಿತು.

ಪರಿಶೀಲನೆಯ ಐದನೆಯ ಅಂಶಕ್ಕೆ ಉದಾಹರಣೆ ತುದಿಯ ವೇಗೋತ್ಕರ್ಷ. dy/dt = −8/3 ಎಂಬ ಸಂಖ್ಯೆಯನ್ನು ಮತ್ತೆ ಅವಕಲಿಸಿದರೆ ಸೊನ್ನೆ ಬರುತ್ತದೆ, ಅದು ತಪ್ಪು. x (dx/dt) + y (dy/dt) = 0 ಎಂಬ ಸಾಲನ್ನೇ ಮತ್ತೊಮ್ಮೆ ಅವಕಲಿಸಿ, dx/dt ಸ್ಥಿರವೆಂಬುದನ್ನು ಬಳಸಿದರೆ (dx/dt)² + (dy/dt)² + y (d²y/dt²) = 0 ಎಂದಾಗುತ್ತದೆ. ಬೆಲೆಗಳನ್ನು ಹಾಕಿದಾಗ d²y/dt² = −(4 + 64/9)/300 = −1/27. ಬುಡ ಒಂದೇ ದರದಲ್ಲಿ ಸರಿಯುತ್ತಿದ್ದರೂ ತುದಿಯ ವೇಗ ಪ್ರತಿ ಸೆಕೆಂಡಿಗೂ ಹೆಚ್ಚುತ್ತಿದೆ.

## ಮಾದರಿಯ ಮಿತಿ

dy/dt = −(x/y)(dx/dt) ಎಂಬ ಸೂತ್ರದಲ್ಲಿ y ಛೇದದಲ್ಲಿರುವುದರಿಂದ ತುದಿ ನೆಲವನ್ನು ಸಮೀಪಿಸಿದಂತೆ ದರವು ವಿಪರೀತವಾಗಿ ಬೆಳೆಯುತ್ತದೆ. ಇದೇ ಏಣಿಯಲ್ಲಿ ಬುಡ 3 ಮೀಟರ್ ದೂರದಲ್ಲಿದ್ದಾಗ ತುದಿಯ ಜವ ಸೆಕೆಂಡಿಗೆ 1.5 ಸೆಂಟಿಮೀಟರ್, 4.8 ಮೀಟರಿನಲ್ಲಿ ಸುಮಾರು 6.9, 4.99 ಮೀಟರಿನಲ್ಲಿ ಸುಮಾರು 31.6 ಸೆಂಟಿಮೀಟರ್. ತುದಿ ನೆಲ ಮುಟ್ಟುವ ಕ್ಷಣಕ್ಕೆ ಅದು ಅನಂತವಾಗಬೇಕು. ಯಾವ ಏಣಿಯೂ ಅನಂತ ವೇಗದಲ್ಲಿ ಬೀಳುವುದಿಲ್ಲವಾದ್ದರಿಂದ ಇದನ್ನು ಬೀಳುವ ಏಣಿಯ ವಿರೋಧಾಭಾಸ ಎಂದು ಕರೆಯಲಾಗುತ್ತದೆ. ಪಾಲ್ ಸ್ಕೋಲ್ಟನ್ ಮತ್ತು ಆಂಡ್ರ್ಯೂ ಸೈಮೋಸನ್ ಇದೇ ಹೆಸರಿನ ಲೇಖನವನ್ನು 1996ರಲ್ಲಿ ಪ್ರಕಟಿಸಿದರು.

ತಪ್ಪು ಅವಕಲನದಲ್ಲಿಲ್ಲ, x² + y² = 500² ಎಂಬುದು ಕೊನೆಯವರೆಗೂ ನಿಜವೆಂದು ನಂಬಿದ್ದರಲ್ಲಿದೆ. ಆ ಸಮೀಕರಣಕ್ಕೆ ತುದಿಯು ಗೋಡೆಯನ್ನು ತಾಗಿಕೊಂಡೇ ಇರಬೇಕು. ಆದರೆ ಗೋಡೆಯು ತುದಿಯನ್ನು ಹೊರಕ್ಕೆ ತಳ್ಳಬಲ್ಲದೇ ಹೊರತು ತನ್ನತ್ತ ಎಳೆದುಕೊಳ್ಳಲಾರದು. ಗೋಡೆಗುಂಟ ಇಳಿಯಬೇಕಾದರೆ ಏಣಿ ಬುಡದ ಸುತ್ತ ಹೆಚ್ಚುಹೆಚ್ಚು ವೇಗವಾಗಿ ತಿರುಗಬೇಕು. ಗುರುತ್ವವೊಂದೇ ಅದನ್ನು ಅಷ್ಟು ಬೇಗ ತಿರುಗಿಸಲಾರದ ಹಂತ ಬಂದಾಗ ತುದಿಯು ಗೋಡೆಯಿಂದ ಬಿಡಿಸಿಕೊಳ್ಳುತ್ತದೆ.

ಏಣಿಯು ಉದ್ದಕ್ಕೂ ಒಂದೇ ತೂಕದ ತೆಳುವಾದ ದಂಡ, ಗೋಡೆಯಲ್ಲಿ ಘರ್ಷಣೆಯಿಲ್ಲ ಮತ್ತು ಬುಡವು v ಎಂಬ ಸ್ಥಿರ ವೇಗದಲ್ಲಿ ಸರಿಯುತ್ತಿದೆ ಎಂದುಕೊಂಡರೆ, ಬಿಡಿಸಿಕೊಳ್ಳುವ ಎತ್ತರವನ್ನು y³ = 2v²L²/(3g) ಎಂಬ ಸಮೀಕರಣ ಕೊಡುತ್ತದೆ. L = 5 ಮೀಟರ್, v = 0.02 ಮೀಟರ್ ಪ್ರತಿ ಸೆಕೆಂಡಿಗೆ, g = 9.8 ಎಂದು ತೆಗೆದುಕೊಂಡರೆ y ಸುಮಾರು 0.088 ಮೀಟರ್. ಪಠ್ಯಪುಸ್ತಕದ ಏಣಿಯು ನೆಲದಿಂದ ಸುಮಾರು 9 ಸೆಂಟಿಮೀಟರ್ ಎತ್ತರದವರೆಗೆ ಸೂತ್ರವನ್ನು ಪಾಲಿಸುತ್ತದೆ. ಆಗ ತುದಿಯ ಜವ ಸೆಕೆಂಡಿಗೆ ಸುಮಾರು 114 ಸೆಂಟಿಮೀಟರ್ ಆಗಿರುತ್ತದೆ. ಅದರ ನಂತರ ಏಣಿಯು ಗೋಡೆಯ ಆಸರೆಯಿಲ್ಲದೆ ಬೀಳುತ್ತದೆ, ಮತ್ತು ಆ ಭಾಗಕ್ಕೆ ಬೇರೆ ಸಮೀಕರಣ ಬೇಕಾಗುತ್ತದೆ. 4 ಮೀಟರಿನ ಕ್ಷಣದಲ್ಲಿ ತುದಿ ಇನ್ನೂ 3 ಮೀಟರ್ ಎತ್ತರದಲ್ಲಿರುವುದರಿಂದ 8/3 ಎಂಬ ಉತ್ತರಕ್ಕೆ ಇದರಿಂದ ಬಾಧೆಯಿಲ್ಲ.